ಧನುವೋ ಮಕರವೋ: ಒಂದು ಜನನ, ಎರಡು ರಾಶಿಚಕ್ರ

1863ರ ಜನವರಿ 12, ಸೋಮವಾರ. ಕಲ್ಕತ್ತೆಯ ಸಿಮ್ಲಾ ಭಾಗದ ದತ್ತರ ಮನೆಯಲ್ಲಿ ಬೆಳಗಿನ ಜಾವ ಕಳೆದು, ಸೂರ್ಯ ಮೂಡಲು ಇನ್ನು ಕೆಲವೇ ನಿಮಿಷ ಇದೆ ಎನ್ನುವಾಗ ಒಂದು ಗಂಡುಮಗು ಹುಟ್ಟಿತು. ಹೆಸರು ನರೇಂದ್ರನಾಥ, ಮುಂದೆ ಲೋಕಕ್ಕೆಲ್ಲ ಸ್ವಾಮಿ ವಿವೇಕಾನಂದ. ಅಂದು ಮಕರ ಸಂಕ್ರಾಂತಿ ಎಂಬುದನ್ನು ಅವರ ಜೀವನಚರಿತ್ರೆ ಬರೆದವರೆಲ್ಲ ತಪ್ಪದೆ ಹೇಳುತ್ತಾರೆ.

ಹಾಗಾದರೆ ಆ ಹೊತ್ತಿಗೆ ಸೂರ್ಯ ಯಾವ ರಾಶಿಯಲ್ಲಿದ್ದ? ಸಂಕ್ರಾಂತಿ ಅಂದಮೇಲೆ ಮಕರವೇ ಇರಬೇಕು, ಇದರಲ್ಲಿ ಕೇಳುವುದೇನಿದೆ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿದರೆ ಒಂದಲ್ಲ, ಮೂರು ಉತ್ತರ ಸಿಗುತ್ತವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಸೂರ್ಯ ಮಕರದ 21 ಡಿಗ್ರಿ 22 ಕಲೆಯಲ್ಲಿ. ನಮ್ಮಲ್ಲಿ ಇಂದು ಹೆಚ್ಚು ಬಳಕೆಯಲ್ಲಿರುವ ಲಾಹಿರಿ ಅಯನಾಂಶ ಹಿಡಿದರೆ ಧನುವಿನ 29 ಡಿಗ್ರಿ 26 ಕಲೆಯಲ್ಲಿ. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಹಿಡಿದರೆ ಮಕರಕ್ಕೆ ಆಗಷ್ಟೇ ಕಾಲಿಟ್ಟು 52 ಕಲೆ. ಹುಟ್ಟಿದ ಊರು ಒಂದೇ, ಗಳಿಗೆ ಒಂದೇ, ಸೂರ್ಯನಂತೂ ಒಬ್ಬನೇ. ಅವನನ್ನು ನೋಡುವುದರಲ್ಲಿ ಯಾರೂ ತಪ್ಪು ಮಾಡಿಲ್ಲ. ಅಳತೆ ಎಲ್ಲಿಂದ ಶುರುಮಾಡಬೇಕು ಎಂಬುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ.

ಸೂರ್ಯ ವರ್ಷಕ್ಕೊಮ್ಮೆ ಆಕಾಶದಲ್ಲಿ ಒಂದು ಸುತ್ತು ಬರುವ ಹಾದಿಗೆ ಕ್ರಾಂತಿವೃತ್ತ ಎನ್ನುತ್ತಾರೆ. ಚಂದ್ರ ಮತ್ತು ಗ್ರಹಗಳೂ ಹೆಚ್ಚುಕಡಿಮೆ ಇದರ ಆಸುಪಾಸಿನಲ್ಲೇ ಓಡಾಡುತ್ತವೆ. ಈ ವೃತ್ತಕ್ಕೆ 360 ಡಿಗ್ರಿ. ಅದನ್ನು ಮೂವತ್ತು ಮೂವತ್ತರಂತೆ ಹನ್ನೆರಡು ಭಾಗ ಮಾಡಿದರೆ ಹನ್ನೆರಡು ರಾಶಿ. ಇಲ್ಲಿಯವರೆಗೆ ಗ್ರೀಕರು, ಬ್ಯಾಬಿಲೋನಿನವರು, ನಮ್ಮ ಸಿದ್ಧಾಂತಕಾರರು ಎಲ್ಲರದೂ ಒಂದೇ ಮಾತು. ತಕರಾರು ಹುಟ್ಟುವುದು ಮೊದಲ ಗೆರೆ ಎಲ್ಲಿ ಎಳೆಯಬೇಕು ಎಂಬಲ್ಲಿ. ವೃತ್ತಕ್ಕೆ ತನ್ನಷ್ಟಕ್ಕೆ ಆರಂಭವೂ ಇಲ್ಲ, ಕೊನೆಯೂ ಇಲ್ಲ. ಮೇಷದ ಸೊನ್ನೆ ಡಿಗ್ರಿ ಇಲ್ಲಿ ಎಂದು ಯಾರಾದರೂ ಗೊತ್ತುಮಾಡಲೇಬೇಕು.

ಅದಕ್ಕೆ ಇರುವ ಒಂದು ದಾರಿ ಋತುಗಳನ್ನು ಹಿಡಿಯುವುದು. ಮಾರ್ಚ್ 20 ಅಥವಾ 21ರಂದು ಹಗಲು ಇರುಳು ಸಮನಾಗುತ್ತವೆ. ಸೂರ್ಯ ಆಗ ಆಕಾಶದ ವಿಷುವದ್ವೃತ್ತವನ್ನು ತೆಂಕಣದಿಂದ ಬಡಗಣಕ್ಕೆ ದಾಟುತ್ತಾನೆ. ಹಾಗೆ ದಾಟುವ ಜಾಗವೇ ವಸಂತ ವಿಷುವ ಬಿಂದು. ಅದನ್ನೇ ಸೊನ್ನೆ ಎಂದಿಟ್ಟುಕೊಂಡರೆ ಸಾಯನ ರಾಶಿಚಕ್ರ. ಇದರಲ್ಲಿ ಮಾರ್ಚ್ 21ಕ್ಕೆ ಮೇಷ, ಡಿಸೆಂಬರ್ 22ರ ಹೊತ್ತಿಗೆ ಮಕರ. ಇನ್ನೊಂದು ದಾರಿ ನಕ್ಷತ್ರಗಳನ್ನು ಹಿಡಿಯುವುದು. ಯಾವುದೋ ಒಂದು ನಕ್ಷತ್ರವನ್ನು ಗೂಟವಾಗಿ ನೆಟ್ಟು, ಅಲ್ಲಿಂದ ಇಷ್ಟು ಡಿಗ್ರಿ ದೂರದಲ್ಲಿ ಮೇಷ ಶುರು ಎನ್ನುವುದು. ಇದು ನಿರಯಣ ರಾಶಿಚಕ್ರ. ಇದರಲ್ಲಿ ಸೂರ್ಯ ಮೇಷಕ್ಕೆ ಬರುವುದು ಏಪ್ರಿಲ್ 14ರ ಸುಮಾರಿಗೆ, ತುಳುನಾಡಿನವರು ಬಿಸು ಆಚರಿಸುವ ಹೊತ್ತಿಗೆ; ಮಕರಕ್ಕೆ ಬರುವುದು ಜನವರಿ 14 ಅಥವಾ 15ಕ್ಕೆ, ನಾವು ಎಳ್ಳು ಬೀರುವ ಹೊತ್ತಿಗೆ.

ವಿಷುವ ಬಿಂದು ಆಕಾಶದಲ್ಲಿ ಒಂದೇ ಕಡೆ ನಿಂತಿದ್ದರೆ ಈ ಎರಡು ಚಕ್ರಗಳ ನಡುವೆ ಜಗಳವೇ ಇರುತ್ತಿರಲಿಲ್ಲ. ಅದು ನಿಲ್ಲುವುದಿಲ್ಲ. ಭೂಮಿ ಸರಿಯಾದ ಗುಂಡಲ್ಲ, ನಡುವಿನಲ್ಲಿ ಉಬ್ಬಿದೆ. ಧ್ರುವದಿಂದ ಧ್ರುವಕ್ಕೆ ಇರುವ ವ್ಯಾಸಕ್ಕಿಂತ ಸಮಭಾಜಕದ ವ್ಯಾಸ ಸುಮಾರು 43 ಕಿಲೋಮೀಟರ್ ಹೆಚ್ಚು. ಆ ಉಬ್ಬನ್ನು ಸೂರ್ಯ ಚಂದ್ರರು ಓರೆಯಾಗಿ ಎಳೆಯುತ್ತಲೇ ಇರುವುದರಿಂದ, ವೇಗ ತಗ್ಗಿದ ಬುಗುರಿಯ ಹಾಗೆ ಭೂಮಿಯ ಅಕ್ಷ ಮೆಲ್ಲಗೆ ವಾಲಾಡುತ್ತ ಸುತ್ತುತ್ತದೆ. ಒಂದು ಸುತ್ತು ಮುಗಿಯಲು ಸುಮಾರು 25,800 ವರ್ಷ ಬೇಕು. ಅಕ್ಷ ತಿರುಗಿದಂತೆ ವಿಷುವ ಬಿಂದುವೂ ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುತ್ತದೆ. ವರ್ಷಕ್ಕೆ 50 ವಿಕಲೆಗಿಂತ ತುಸು ಹೆಚ್ಚು. ಒಂದು ಡಿಗ್ರಿಗೆ ಸುಮಾರು 72 ವರ್ಷ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡದೇನಲ್ಲ. ಒಂದೂವರೆ ಸಾವಿರ ವರ್ಷ ಕಳೆದರೆ ಮುಕ್ಕಾಲು ರಾಶಿಯಷ್ಟು ಜಾಗ ಅದಲುಬದಲಾಗಿರುತ್ತದೆ.

ಇದನ್ನು ಮೊದಲು ಅಳೆದವನು ಎಂದು ಹೆಸರಾದವನು ಕ್ರಿಸ್ತಪೂರ್ವ 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್. ಅವನು ನೋಡಿದ್ದು ನಾವು ಚಿತ್ತಾ ಎನ್ನುವ ನಕ್ಷತ್ರವನ್ನೇ. ತನಗಿಂತ ಸುಮಾರು 160 ವರ್ಷ ಹಿಂದೆ ಅಲೆಕ್ಸಾಂಡ್ರಿಯದ ಟಿಮೊಕಾರಿಸ್ ಅಳೆದಾಗ ಅದು ಶರದ್ ವಿಷುವ ಬಿಂದುವಿನಿಂದ 8 ಡಿಗ್ರಿ ಪಶ್ಚಿಮಕ್ಕಿತ್ತು. ಇವನು ಅಳೆದಾಗ 6 ಡಿಗ್ರಿ. ನಕ್ಷತ್ರ ನಡೆಯಿತೋ, ಬಿಂದು ನಡೆಯಿತೋ? ಉಳಿದ ನಕ್ಷತ್ರಗಳೂ ಚಿತ್ತೆಯ ಜೊತೆಯಲ್ಲೇ ಸರಿದಂತೆ ಕಂಡದ್ದರಿಂದ ನಡೆದದ್ದು ಬಿಂದುವೇ ಎಂಬ ತೀರ್ಮಾನಕ್ಕೆ ಬಂದ. ಇಂದು ಅದೇ ಚಿತ್ತೆ ಆ ಬಿಂದುವನ್ನು ದಾಟಿ ಪೂರ್ವಕ್ಕೆ 24 ಡಿಗ್ರಿ ಹೋಗಿದೆ. ಪಶ್ಚಿಮದ ಜ್ಯೋತಿಷ್ಯಕ್ಕೆ ಅಡಿಪಾಯ ಹಾಕಿದ ಟಾಲೆಮಿಗೆ ಈ ಸರಿತ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ವಿಷುವ ಬಿಂದುವಿಗೆ ಗಂಟುಬಿದ್ದ. ಆದ್ದರಿಂದ ಪಾಶ್ಚಾತ್ಯರಿಗೆ ಅಯನ ಚಲನೆಯೇ ತಿಳಿಯದು ಎಂದು ನಮ್ಮಲ್ಲಿ ಕೆಲವರು ಹೇಳುವುದರಲ್ಲಿ ಹುರುಳಿಲ್ಲ. ಅವರ ಮೇಷ ಋತುವಿನ ಮೇಷ, ನಕ್ಷತ್ರದ ಮೇಷವಲ್ಲ, ಅಷ್ಟೆ.

ಈ ಎರಡು ಸೊನ್ನೆಗಳ ನಡುವಿನ ದೂರವೇ ಅಯನಾಂಶ. ಸಾಯನ ಸ್ಫುಟದಿಂದ ಅಯನಾಂಶ ಕಳೆದರೆ ನಿರಯಣ ಸ್ಫುಟ ಬರುತ್ತದೆ. ಇಂದಿನ ಗಣಕಯಂತ್ರಗಳೆಲ್ಲ ಮಾಡುವುದು ಈ ಒಂದು ಕಳೆಯುವ ಲೆಕ್ಕವನ್ನೇ. ಹಳೆಯ ಪಂಚಾಂಗದವರ ದಾರಿ ಇದಕ್ಕೆ ತಿರುಗುಮುರುಗಾಗಿತ್ತು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅವರು ಅಹರ್ಗಣ ಹಿಡಿದು ಗ್ರಹದ ನಿರಯಣ ಸ್ಥಾನವನ್ನೇ ನೇರವಾಗಿ ತೆಗೆಯುತ್ತಿದ್ದರು. ಹಗಲಿನ ಉದ್ದ, ನೆರಳಿನ ಅಳತೆ, ಲಗ್ನ ಬೇಕಾದಾಗ ಮಾತ್ರ ಅದಕ್ಕೆ ಅಯನಾಂಶ ಕೂಡಿಸಿ ಸಾಯನ ಮಾಡಿಕೊಳ್ಳುತ್ತಿದ್ದರು, ಏಕೆಂದರೆ ಹಗಲು ಇರುಳಿನ ಏರಿಳಿತಕ್ಕೆ ನಕ್ಷತ್ರ ಲೆಕ್ಕಕ್ಕಿಲ್ಲ, ವಿಷುವ ಬಿಂದುವೇ ಬೇಕು. ಅಂದರೆ ಸಾಯನ ಎನ್ನುವುದು ಹೊರಗಿನಿಂದ ಬಂದ ಸರಕಲ್ಲ. ನಮ್ಮ ಸಿದ್ಧಾಂತಿಗಳ ಮನೆಯೊಳಗೆ ಅದಕ್ಕೂ ಒಂದು ಕೋಣೆ ಇತ್ತು.

ಈಗ ನರೇಂದ್ರನ ಜನನಕ್ಕೆ ಬರೋಣ. ಅಂದು ಬೆಳಿಗ್ಗೆ ಆರೂವರೆಯ ಸುಮಾರಿಗೆ ಕಲ್ಕತ್ತೆಯ ಹೊತ್ತಿನಲ್ಲಿ ವಿಷುವ ಬಿಂದುವಿನಿಂದ ಸೂರ್ಯನಿಗೆ ಇದ್ದ ದೂರ 291 ಡಿಗ್ರಿ 22 ಕಲೆ. ಇದು ಖಗೋಳದ ಲೆಕ್ಕ. ಇದರಲ್ಲಿ ಯಾವ ಪಂಥವೂ ಇಲ್ಲ. 270ಕ್ಕೆ ಸಾಯನ ಮಕರ ಶುರುವಾಗುವುದರಿಂದ ಪಾಶ್ಚಾತ್ಯ ಕುಂಡಲಿಯಲ್ಲಿ ಸೂರ್ಯ ಮಕರದ 21 ಡಿಗ್ರಿ ದಾಟಿದ್ದಾನೆ. ಲಾಹಿರಿ ಅಯನಾಂಶ ಆ ವರ್ಷ 21 ಡಿಗ್ರಿ 56 ಕಲೆ. ಕಳೆದರೆ 269 ಡಿಗ್ರಿ 26 ಕಲೆ. ನಿರಯಣ ಮಕರದ ಗಡಿಗೆ ಇನ್ನು 34 ಕಲೆ ಬಾಕಿ. ಸೂರ್ಯಬಿಂಬದ ಅಗಲವೇ ಸುಮಾರು 32 ಕಲೆ. ಒಂದು ಸೂರ್ಯನಷ್ಟು ಅಗಲದ ಜಾಗ ಸಾಲದೆ ಬಂದದ್ದರಿಂದ ಅವನು ಧನುವಿನಲ್ಲೇ ಉಳಿದ. ದಿನಕ್ಕೆ ಒಂದು ಡಿಗ್ರಿಯ ನಡಿಗೆಯಲ್ಲಿ ಆ 34 ಕಲೆ ದಾಟಲು ಅವನಿಗೆ ಹದಿಮೂರು ಗಂಟೆಗೂ ಹೆಚ್ಚು ಹಿಡಿಯಿತು. ಲಾಹಿರಿ ಲೆಕ್ಕದ ಸಂಕ್ರಮಣ ಆದದ್ದು ಅಂದು ರಾತ್ರಿ ಎಂಟರ ಸುಮಾರಿಗೆ. ಮಗು ಸಂಕ್ರಾಂತಿಯ ದಿನ ಹುಟ್ಟಿತು, ಸಂಕ್ರಮಣಕ್ಕೆ ಮೊದಲು ಹುಟ್ಟಿತು. ಹಬ್ಬ ದಿನದ ಲೆಕ್ಕ, ಜಾತಕ ಗಳಿಗೆಯ ಲೆಕ್ಕ. ಎರಡನ್ನೂ ಒಂದೇ ಎಂದು ತಿಳಿದು ಸಂಕ್ರಾಂತಿಯಂದು ಹುಟ್ಟಿದವರಿಗೆಲ್ಲ ಸೂರ್ಯನನ್ನು ಮಕರದಲ್ಲಿ ಬರೆದುಬಿಡುವ ಜಾತಕಗಳು ಈಗಲೂ ಸಿಗುತ್ತವೆ.

ರಾಮನ್ ಅವರ ಅಯನಾಂಶ ಅದೇ ದಿನಕ್ಕೆ ಸುಮಾರು 20 ಡಿಗ್ರಿ 30 ಕಲೆ. 291 ಡಿಗ್ರಿ 22 ಕಲೆಯಲ್ಲಿ ಅದನ್ನು ಕಳೆದರೆ 270 ಡಿಗ್ರಿ 52 ಕಲೆ, ಅಂದರೆ ಮಕರ. ಇವರ ಲೆಕ್ಕದಲ್ಲಿ ಸಂಕ್ರಮಣ ಹಿಂದಿನ ದಿನ ಬೆಳಿಗ್ಗೆ ಹತ್ತರ ಹೊತ್ತಿಗೇ ಆಗಿಹೋಗಿದೆ. ಪಾಶ್ಚಾತ್ಯರೂ ಮಕರ, ರಾಮನ್ ಅವರೂ ಮಕರ ಎಂದಾಕ್ಷಣ ಇಬ್ಬರೂ ಒಪ್ಪಿದರು ಎಂದು ತಿಳಿಯಬಾರದು. ಒಬ್ಬರ ಮಕರ ಮುಗಿಯಲು ಬಂದಿದೆ, ಇನ್ನೊಬ್ಬರ ಮಕರ ಈಗಷ್ಟೇ ಶುರುವಾಗಿದೆ. ಹೆಸರು ಕೂಡಿದ್ದು ಬರೀ ಆಕಸ್ಮಿಕ.

ನಿರಯಣದವರಲ್ಲೇ ಇಷ್ಟು ಭೇದ ಏಕೆ ಎಂಬುದು ನನಗೆ ಈ ವಿಷಯದ ಅತ್ಯಂತ ಸ್ವಾರಸ್ಯದ ಭಾಗ. ಸಾಯನದ ಸೊನ್ನೆಯನ್ನು ಯಾರು ಬೇಕಾದರೂ ಅಳೆಯಬಹುದು. ಒಂದು ಕಂಬ, ಅದರ ನೆರಳು, ತಾಳ್ಮೆ ಇದ್ದರೆ ಸಾಕು. ನಿರಯಣದ ಸೊನ್ನೆಯಲ್ಲಿ ಹಾಗೆ ಕೈತೋರಿಸಲು ಏನೂ ಇಲ್ಲ. ಅಲ್ಲಿ ಎದ್ದು ಕಾಣುವ ನಕ್ಷತ್ರವೇ ಇಲ್ಲ. ಸೂರ್ಯಸಿದ್ಧಾಂತ ನಕ್ಷತ್ರಗಳ ಯೋಗತಾರೆಗಳಿಗೆ ಸ್ಥಾನ ಕೊಡುವಾಗ ರೇವತಿಯನ್ನು ಸೊನ್ನೆಗೆ ಬರೀ 10 ಕಲೆ ಹಿಂದೆ ಇಟ್ಟಿದೆ, ಚಿತ್ತೆಯನ್ನು 180 ಡಿಗ್ರಿಯಲ್ಲಿ ಇಟ್ಟಿದೆ. ಎರಡನ್ನೂ ಹಿಡಿದು ಇಂದಿನ ಆಕಾಶದಲ್ಲಿ ಸೊನ್ನೆ ಹುಡುಕಿದರೆ ಎರಡು ಬೇರೆ ಬೇರೆ ಜಾಗ ಸಿಗುತ್ತವೆ, ನಡುವೆ ಸುಮಾರು 4 ಡಿಗ್ರಿ ಅಂತರ. ರೇವತಿಯ ಯೋಗತಾರೆ ಎಂದು ಗುರುತಿಸುವ ಚುಕ್ಕಿಯಾದರೋ ಬಹಳ ಮಸುಕು, ಊರಿನ ದೀಪಗಳ ನಡುವೆ ಕಾಣುವುದೇ ಇಲ್ಲ. ಚಿತ್ತೆ ಹಾಗಲ್ಲ, ಚೈತ್ರದ ಹುಣ್ಣಿಮೆಯ ಚಂದ್ರನ ಆಸುಪಾಸಿನಲ್ಲಿ ಬೆಳ್ಳಗೆ ಹೊಳೆಯುತ್ತಿರುತ್ತದೆ, ಮಕ್ಕಳೂ ಗುರುತಿಸಬಹುದು. ಚಿತ್ರಾಪಕ್ಷದವರು ಅದನ್ನು ಹಿಡಿದು, ಅದಕ್ಕೆ ಸರಿಯಾಗಿ ಎದುರಿನ ಬರಿದಾದ ಜಾಗವನ್ನು ಮೇಷದ ಆರಂಭ ಎಂದರು. ರೈವತಪಕ್ಷದವರು ಒಪ್ಪಲಿಲ್ಲ. ಮಹಾರಾಷ್ಟ್ರದಲ್ಲಿ ಲೋಕಮಾನ್ಯ ತಿಲಕರು ನಿಂತದ್ದು ರೇವತಿಯ ಪಕ್ಷದಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಕ್ಕೆ ಇದೊಂದು ಆಡಳಿತದ ತಲೆನೋವಾಯಿತು. ಪ್ರಾಂತ್ಯಕ್ಕೊಂದು ಪಂಚಾಂಗ, ಪಂಚಾಂಗಕ್ಕೊಂದು ಹಬ್ಬದ ದಿನ. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ಕೂತಿತು. ಕಾರ್ಯದರ್ಶಿ ಕಲ್ಕತ್ತೆಯ ಎನ್.ಸಿ. ಲಾಹಿರಿ. ಸಮಿತಿ 1955ರಲ್ಲಿ ವರದಿ ಕೊಟ್ಟಿತು. ಚಿತ್ತೆಯನ್ನೇ ಆಧಾರವಾಗಿಟ್ಟುಕೊಂಡು, 1956ರ ಮಾರ್ಚ್ 21ರಂದು ಅಯನಾಂಶ 23 ಡಿಗ್ರಿ 15 ಕಲೆ ಎಂದು ಗೊತ್ತುಮಾಡಿತು. ಲಾಹಿರಿ ಅಯನಾಂಶ ಎಂಬ ಹೆಸರು ನಿಂತದ್ದು ಹೀಗೆ. ಅದನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಕ್ರಿಸ್ತಶಕ 285ರ ಸುಮಾರಿಗೆ ಸೊನ್ನೆಯಾಗುತ್ತದೆ. ಆಗ ಮಕರ ಸಂಕ್ರಾಂತಿ ಮತ್ತು ನಿಜವಾದ ಉತ್ತರಾಯಣ ಒಂದೇ ದಿನ. ಸೂರ್ಯ ಬಡಗಣಕ್ಕೆ ತಿರುಗುವುದು ಈಗ ಡಿಸೆಂಬರ್ 21 ಅಥವಾ 22ಕ್ಕೆ. ನಾವು ಉತ್ತರಾಯಣ ಪುಣ್ಯಕಾಲ ಆಚರಿಸುವುದು ಮೂರು ವಾರಕ್ಕೂ ಹೆಚ್ಚು ತಡವಾಗಿ. ಈ ತಡ ಇನ್ನೂ ಬೆಳೆಯುತ್ತಲೇ ಹೋಗುತ್ತದೆ. 1863ರಲ್ಲಿ ಜನವರಿ 12ಕ್ಕೆ ಬಿದ್ದ ಸಂಕ್ರಾಂತಿ ಇಂದು 14, 15ಕ್ಕೆ ಬೀಳುವುದೂ ಇದೇ ಕಾರಣದಿಂದ.

ಸರ್ಕಾರ ಒಂದನ್ನು ಆರಿಸಿತು ಎಂದ ಮಾತ್ರಕ್ಕೆ ಉಳಿದವು ಹೋಗಲಿಲ್ಲ. ಬಿ.ವಿ. ರಾಮನ್ ತಮ್ಮ ಅಯನಾಂಶವನ್ನು ಕ್ರಿಸ್ತಶಕ 397ರಲ್ಲಿ ಸೊನ್ನೆಯಾಗುವಂತೆ ಇಟ್ಟು, ಬೆಂಗಳೂರಿನಿಂದ ಹೊರಡುತ್ತಿದ್ದ ತಮ್ಮ ಪತ್ರಿಕೆ ಮತ್ತು ಪುಸ್ತಕಗಳಲ್ಲಿ ದಶಕಗಳ ಕಾಲ ಅದನ್ನೇ ಬಳಸಿದರು. ಹಳೆ ಮೈಸೂರಿನ ಕಡೆ ಅವರ ಪುಸ್ತಕ ಓದಿ ಕಲಿತವರ ಜಾತಕಗಳು ಲಾಹಿರಿ ಜಾತಕಗಳಿಗೆ ತಾಳೆಯಾಗದಿರುವುದಕ್ಕೆ ಈ 1 ಡಿಗ್ರಿ 26 ಕಲೆಯೇ ಕಾರಣ. ಇನ್ನೂ ಹಿಂದೆ ಹೋದರೆ ಗ್ರಹಲಾಘವದ ಗಣೇಶ ದೈವಜ್ಞ ಕೊಟ್ಟ ಸುಲಭದ ಸೂತ್ರವಿದೆ: ಶಕವರ್ಷದಲ್ಲಿ 444 ಕಳೆದು 60ರಿಂದ ಭಾಗಿಸಿದರೆ ಬರುವುದೇ ಅಯನಾಂಶದ ಡಿಗ್ರಿ. ನರೇಂದ್ರ ಹುಟ್ಟಿದ್ದು ಶಕ 1784. ಕಳೆದರೆ 1340, ಭಾಗಿಸಿದರೆ 22 ಡಿಗ್ರಿ 20 ಕಲೆ. ಲಾಹಿರಿಗೆ ಆಶ್ಚರ್ಯವೆನ್ನುವಷ್ಟು ಹತ್ತಿರ ಬಂತಲ್ಲ! ಆದರೆ ಸೂತ್ರದಲ್ಲಿ ವರ್ಷಕ್ಕೆ ಪೂರಾ 60 ವಿಕಲೆ ಲೆಕ್ಕ, ನಿಜವಾದದ್ದು 50 ಚಿಲ್ಲರೆ. ಆದ್ದರಿಂದ ಅದು ವರ್ಷವರ್ಷಕ್ಕೂ ಮುಂದೆ ಓಡುತ್ತಿದೆ; ಇಂದು ಲಾಹಿರಿಗಿಂತ ಮುಕ್ಕಾಲು ಡಿಗ್ರಿಗೂ ಹೆಚ್ಚು ಮುಂದಿದೆ. ಸೂರ್ಯಸಿದ್ಧಾಂತದ ಮಾತೇ ಬೇರೆ. ಅದರ ಪ್ರಕಾರ ವಿಷುವ ಬಿಂದು ಸುತ್ತು ಹೊಡೆಯುವುದಿಲ್ಲ, 27 ಡಿಗ್ರಿ ಹೋಗಿ ಹಿಂದಕ್ಕೆ ತಿರುಗುತ್ತದೆ. ಕ್ರಿಸ್ತಶಕ 499ರಿಂದ ಎಣಿಸಿದರೆ 2299ರಲ್ಲಿ ಅದು ತಿರುಗಬೇಕು. ಭೂಮಿಯ ಉಬ್ಬು ಮತ್ತು ಚಂದ್ರನ ಎಳೆತ ಇರುವವರೆಗೆ ಅದು ತಿರುಗುವುದಿಲ್ಲ ಎಂದು ಭೌತವಿಜ್ಞಾನ ಧೈರ್ಯವಾಗಿ ಹೇಳುತ್ತದೆ.

ಖಗೋಳವಿಜ್ಞಾನ ಅಷ್ಟು ಹೇಳಿ ಕೈತೊಳೆದುಕೊಳ್ಳುತ್ತದೆ. ಬಿಂದು ವರ್ಷಕ್ಕೆ ಎಷ್ಟು ಸರಿಯುತ್ತದೆ ಎಂಬುದನ್ನು ಅದು ವಿಕಲೆಯ ಸಣ್ಣ ಚೂರಿನವರೆಗೆ ಅಳೆದು ಕೊಡಬಲ್ಲದು. ಸೊನ್ನೆ 285ರಲ್ಲೋ 397ರಲ್ಲೋ ಎಂದು ಕೇಳಿದರೆ ಅದಕ್ಕೆ ಉತ್ತರವಿಲ್ಲ, ಏಕೆಂದರೆ ಅದು ಆಕಾಶದಲ್ಲಿ ಇರುವ ವಸ್ತುವಲ್ಲ, ಮನುಷ್ಯರು ಮಾಡಿಕೊಂಡ ಒಪ್ಪಂದ. ತಮ್ಮ ಅಯನಾಂಶವೇ ಸರಿ, ನಾಸಾ ಕೂಡ ಒಪ್ಪಿದೆ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಬಹುದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡಬೇಕು. ನಮ್ಮಲ್ಲಿ ನಿಮ್ಮ ರಾಶಿ ಯಾವುದು ಎಂದು ಕೇಳಿದರೆ ಹೇಳುವುದು ಚಂದ್ರನ ರಾಶಿಯನ್ನು. ಇಂಗ್ಲಿಷ್ ಪತ್ರಿಕೆಯಲ್ಲಿ ಹುಟ್ಟಿದ ತಾರೀಕು ನೋಡಿ ಹೇಳುವುದು ಸೂರ್ಯನ ರಾಶಿಯನ್ನು. ವಿವೇಕಾನಂದರು ಪಾಶ್ಚಾತ್ಯರಿಗೆ ಮಕರದವರು, ನಮ್ಮ ಜೋಯಿಸರಿಗೆ ಹಸ್ತಾ ನಕ್ಷತ್ರದ ಕನ್ಯಾ ರಾಶಿಯವರು. ಇದನ್ನು ಕಂಡು ಅಯನಾಂಶ ಎಷ್ಟು ವ್ಯತ್ಯಾಸ ಮಾಡುತ್ತದೆ ನೋಡಿ ಎಂದು ಬೆರಗಾಗುವವರಿದ್ದಾರೆ. ಅದು ಅಯನಾಂಶದ ಕೆಲಸವೇ ಅಲ್ಲ. ಒಬ್ಬರು ಸೂರ್ಯನನ್ನು ನೋಡಿದರು, ಇನ್ನೊಬ್ಬರು ಚಂದ್ರನನ್ನು ನೋಡಿದರು. ಅಯನಾಂಶದ ಕೆಲಸ ನೋಡಬೇಕಾದರೆ ಚಂದ್ರನ ಪಕ್ಕದಲ್ಲಿ ಚಂದ್ರನನ್ನೇ ಇಡಬೇಕು. ಆ ಬೆಳಿಗ್ಗೆ ಚಂದ್ರ ಸಾಯನದಲ್ಲಿ ತುಲೆಯ ಒಂಬತ್ತೂವರೆ ಡಿಗ್ರಿಯ ಹತ್ತಿರ, ಲಾಹಿರಿಯಲ್ಲಿ ಕನ್ಯೆಯ ಹದಿನೇಳೂವರೆಯಲ್ಲಿ, ರಾಮನ್ ಲೆಕ್ಕದಲ್ಲಿ ಕನ್ಯೆಯ 19ಕ್ಕೆ ಹತ್ತಿರ. ನಿರಯಣದ ಇಬ್ಬರಿಗೂ ಹಸ್ತಾ ನಕ್ಷತ್ರದ ಮೂರನೇ ಪಾದವೇ. ಇಲ್ಲಿ ಜಗಳವಿಲ್ಲ.

ಜಗಳ ಬರುವುದು ದಶೆಯಲ್ಲಿ. ವಿಂಶೋತ್ತರಿ ಪದ್ಧತಿಯಲ್ಲಿ ಹಸ್ತದವರಿಗೆ ಮೊದಲು ಚಂದ್ರದಶೆ, ಹತ್ತು ವರ್ಷ. ಹುಟ್ಟುವಾಗ ಚಂದ್ರ ನಕ್ಷತ್ರದಲ್ಲಿ ಎಷ್ಟು ಭಾಗ ಕಳೆದಿದ್ದನೋ ಅಷ್ಟು ದಶೆ ಕಳೆದಂತೆ. ಒಂದು ನಕ್ಷತ್ರ 13 ಡಿಗ್ರಿ 20 ಕಲೆ. ಲಾಹಿರಿಯ ಚಂದ್ರ ಅದರಲ್ಲಿ ಏಳೂವರೆ ಡಿಗ್ರಿ ಕಳೆದಿದ್ದಾನೆ, ಹಾಗಾಗಿ ಉಳಿದ ದಶೆ ಸುಮಾರು 4 ವರ್ಷ 5 ತಿಂಗಳು. ರಾಮನ್ ಲೆಕ್ಕದ ಚಂದ್ರ ಸುಮಾರು ಒಂಬತ್ತು ಡಿಗ್ರಿ ಕಳೆದಿದ್ದಾನೆ, ಉಳಿದದ್ದು ಸುಮಾರು 3 ವರ್ಷ 4 ತಿಂಗಳು. ಅಂತರ 13 ತಿಂಗಳು. ಮುಂದಿನ ದಶೆಗಳೆಲ್ಲ ಇದರ ಬಾಲ ಹಿಡಿದೇ ಬರುವುದರಿಂದ ಜೀವನದುದ್ದಕ್ಕೂ ಪ್ರತಿಯೊಂದು ದಶೆಯೂ ರಾಮನ್ ಲೆಕ್ಕದಲ್ಲಿ 13 ತಿಂಗಳು ಮೊದಲೇ ಬದಲಾಗುತ್ತದೆ. ಅಂತರ ಎಷ್ಟೆಂಬುದು ಹುಟ್ಟಿದ ನಕ್ಷತ್ರದ ಮೇಲೆ ನಿಂತಿದೆ: 20 ವರ್ಷದ ಶುಕ್ರದಶೆಯಲ್ಲಿ ಹುಟ್ಟಿದವರಿಗೆ ಇದೇ ಅಂತರ ಎರಡು ವರ್ಷ ದಾಟುತ್ತದೆ. ಶುಕ್ರದಶೆ ಬಂದ ಮೇಲೆ ಮದುವೆ ಮಾಡಿ ಎಂದ ಜೋಯಿಸರು ಯಾವ ಅಯನಾಂಶ ಹಿಡಿದಿದ್ದರು ಎಂದು ಕೇಳುವ ಬೀಗರನ್ನು ನಾನಂತೂ ಕಂಡಿಲ್ಲ.

ಅಯನಾಂಶ ಏನು ಮಾಡಿದರೂ ಅಲುಗಿಸಲಾರದ ಸಂಗತಿಗಳೂ ಇವೆ. ತಿಥಿ ಅಂಥದ್ದು. ಚಂದ್ರನಿಂದ ಸೂರ್ಯನನ್ನು ಕಳೆದು ಬರುವ ದೂರವನ್ನು 12ರಿಂದ ಭಾಗಿಸಿ ತಿಥಿ ತೆಗೆಯುತ್ತಾರೆ. ಇಬ್ಬರ ಸ್ಫುಟದಲ್ಲೂ ಒಂದೇ ಅಯನಾಂಶ ಕಳೆದಿರುವುದರಿಂದ ವ್ಯತ್ಯಾಸ ಹಾಗೇ ಉಳಿಯುತ್ತದೆ. ವಿವೇಕಾನಂದರ ಜನನಕ್ಕೆ ಆ ದೂರ ಸಾಯನದಲ್ಲೂ 258 ಡಿಗ್ರಿ, ನಿರಯಣದಲ್ಲೂ 258 ಡಿಗ್ರಿ. ಎರಡರಿಂದಲೂ ಬರುವುದು ಕೃಷ್ಣಪಕ್ಷದ ಸಪ್ತಮಿಯೇ. ರಾಮಕೃಷ್ಣ ಮಠದವರು ಅವರ ಜಯಂತಿಯನ್ನು ಆಚರಿಸುವುದು ಈ ತಿಥಿಗೇ, ಸೂರ್ಯನ ರಾಶಿಯ ಗೋಜಿಗೆ ಹೋಗದೆ. ಹಾಗೆಯೇ ಎರಡು ಗ್ರಹಗಳ ನಡುವಿನ ಅಂತರ, ಅಮಾವಾಸ್ಯೆ, ಹುಣ್ಣಿಮೆ, ಗ್ರಹಣ, ಸೂರ್ಯೋದಯ ಯಾವುದಕ್ಕೂ ಅಯನಾಂಶ ಬೇಕಿಲ್ಲ. ನಕ್ಷತ್ರ, ರಾಶಿ, ಸಂಕ್ರಾಂತಿ, ನವಾಂಶ, ದಶೆ ಇವಕ್ಕೆ ಬೇಕು. ಅಧಿಕಮಾಸಕ್ಕೂ ಬೇಕು, ಏಕೆಂದರೆ ಸಂಕ್ರಮಣವಿಲ್ಲದ ಚಾಂದ್ರಮಾಸವೇ ಅಧಿಕಮಾಸ.

ನವಾಂಶದ ಮಾತು ಬಂದದ್ದರಿಂದ ಒಂದು ಅಂದಾಜು. ಲಾಹಿರಿ ಬಿಟ್ಟು ರಾಮನ್ ಹಿಡಿದರೆ ಒಂದು ಗ್ರಹ ರಾಶಿ ಬದಲಿಸುವ ಸಂಭವ ನೂರಕ್ಕೆ ಐದರಷ್ಟು, ಏಕೆಂದರೆ 30 ಡಿಗ್ರಿಯ ರಾಶಿಯಲ್ಲಿ ಒಂದೂವರೆ ಡಿಗ್ರಿಯಷ್ಟು ಗಡಿಪಟ್ಟಿ ಮಾತ್ರ ಅಪಾಯದಲ್ಲಿದೆ. ಆದರೆ ನವಾಂಶ ಒಂದಕ್ಕೆ ಇರುವುದೇ 3 ಡಿಗ್ರಿ 20 ಕಲೆ. ಅಲ್ಲಿ ಹತ್ತರಲ್ಲಿ ನಾಲ್ಕು ಸಲ ಗ್ರಹ ಮನೆ ಬದಲಿಸುತ್ತದೆ. ರಾಶಿ ಕುಂಡಲಿ ತಾಳೆಯಾಗಿ ನವಾಂಶ ಕುಂಡಲಿ ಗುರುತೇ ಸಿಗದಂತೆ ಇದ್ದರೆ ಕಂಪ್ಯೂಟರ್ ಕೆಟ್ಟಿದೆ ಎಂದು ದೂರುವ ಮೊದಲು ಅಯನಾಂಶ ನೋಡಬೇಕು.

ಸಾಯನಕ್ಕೂ ನಿರಯಣಕ್ಕೂ ಹಾಗಲ್ಲ, ಅಲ್ಲಿ ಬದಲಾಗುವುದೇ ನಿಯಮ. ಈಗ ಅಯನಾಂಶ 24 ಡಿಗ್ರಿ ದಾಟಿರುವುದರಿಂದ ಸಾಯನ ರಾಶಿಯ ಕೊನೆಯ ಆರು ಡಿಗ್ರಿಯೊಳಗೆ ಇದ್ದ ಗ್ರಹ ಮಾತ್ರ ಎರಡರಲ್ಲೂ ಒಂದೇ ಹೆಸರಿನ ರಾಶಿಯಲ್ಲಿ ಉಳಿಯುತ್ತದೆ. ಉಳಿದ ಐದರಲ್ಲಿ ನಾಲ್ಕು ಪಾಲು ಒಂದು ಮನೆ ಹಿಂದಕ್ಕೆ ಬೀಳುತ್ತದೆ. ಜನವರಿ 15ರಿಂದ 19ರ ನಡುವೆ ಹುಟ್ಟಿದ ಮಗುವಿನ ಸೂರ್ಯ ಎರಡು ಲೆಕ್ಕದಲ್ಲೂ ಮಕರವೇ. ಈ ಕಿರುಪಟ್ಟಿಯೂ ವರ್ಷವರ್ಷಕ್ಕೂ ಸವೆಯುತ್ತಿದೆ. 2430ರ ದಶಕದಲ್ಲಿ ಲಾಹಿರಿ ಅಯನಾಂಶ 30 ಡಿಗ್ರಿ ಮುಟ್ಟಿದಾಗ ಅದು ಪೂರ್ತಿ ಅಳಿದುಹೋಗಿ, ಹುಟ್ಟುವ ಎಲ್ಲರಿಗೂ ಎಲ್ಲ ಗ್ರಹವೂ ಒಂದೊಂದು ರಾಶಿ ಹಿಂದೆ ಇರುತ್ತದೆ. ಆಗ ಸಂಕ್ರಾಂತಿ ಜನವರಿ 20ರ ಆಚೆಗೆ.

ಕೈಯಲ್ಲಿರುವ ಜಾತಕ ಯಾವ ಅಯನಾಂಶದ್ದು ಎಂದು ತಿಳಿಯಲು ಸೂರ್ಯನ ಸ್ಫುಟವೊಂದೇ ಸಾಕು. ಹುಟ್ಟಿದ ಇಸವಿಯಲ್ಲಿ 285 ಕಳೆದು 71.6ರಿಂದ ಭಾಗಿಸಿದರೆ ಲಾಹಿರಿ ಅಯನಾಂಶ ಡಿಗ್ರಿಯಲ್ಲಿ ಬರುತ್ತದೆ, ಐದಾರು ಕಲೆ ಆಚೀಚೆ. ವಿವೇಕಾನಂದರಿಗೆ 1578ನ್ನು ಭಾಗಿಸಿದರೆ 22 ಡಿಗ್ರಿ 2 ಕಲೆ. ನಿಜವಾದದ್ದು 21 ಡಿಗ್ರಿ 56. ಹುಟ್ಟಿದ ದಿನದ ಸಾಯನ ಸೂರ್ಯ ಯಾವುದೇ ಎಫಿಮರಿಸ್‌ನಲ್ಲಿ ಸಿಗುತ್ತದೆ. ಅದರಿಂದ ಜಾತಕದಲ್ಲಿ ಬರೆದ ಸೂರ್ಯನನ್ನು ಕಳೆಯಿರಿ. ಉಳಿದದ್ದು ಈ ಅಂಕಿಗೆ ಹತ್ತಿರವಿದ್ದರೆ ಲಾಹಿರಿ, ಅದಕ್ಕಿಂತ ಒಂದೂವರೆ ಡಿಗ್ರಿಯಷ್ಟು ಕಡಿಮೆಯಿದ್ದರೆ ರಾಮನ್, ಸೊನ್ನೆ ಬಂದರೆ ಜಾತಕವೇ ಸಾಯನ. ಆರೇಳು ಕಲೆ ಮಾತ್ರ ಕಡಿಮೆಯಿದ್ದರೆ ಕೃಷ್ಣಮೂರ್ತಿ ಪದ್ಧತಿ ಇರಬಹುದು, ಆದರೆ ಮೇಲಿನ ಮೋಟು ಲೆಕ್ಕದಿಂದ ಅದನ್ನು ಲಾಹಿರಿಯಿಂದ ಬೇರ್ಪಡಿಸಲು ಆಗುವುದಿಲ್ಲ. ಹೆಚ್ಚುಕಡಿಮೆ ಅಯನಾಂಶದ ಇಮ್ಮಡಿ ಬಂದರೆ, 44 ಅಥವಾ 48 ಡಿಗ್ರಿಯಂಥ ಅಂಕಿ, ಅಲ್ಲಿ ಪದ್ಧತಿಯ ಪ್ರಶ್ನೆ ಏನೂ ಇಲ್ಲ: ಆಗಲೇ ನಿರಯಣವಾಗಿದ್ದ ಸ್ಫುಟದಿಂದ ಯಾರೋ ಇನ್ನೊಮ್ಮೆ ಅಯನಾಂಶ ಕಳೆದಿದ್ದಾರೆ. ಕೈಲೆಕ್ಕದ ಜಾತಕಗಳಲ್ಲಿ ಇದಾಗುವುದುಂಟು. ಲಗ್ನವನ್ನು ಸಾಯನದಲ್ಲಿ ಬಿಟ್ಟು ಗ್ರಹಗಳನ್ನು ಮಾತ್ರ ನಿರಯಣ ಮಾಡಿದ್ದು ಇನ್ನೊಂದು ಬಗೆಯ ತಪ್ಪು. ಅದನ್ನು ಹಿಡಿಯಲು ಸೂರ್ಯೋದಯದ ಹೊತ್ತಿಗೆ ಹುಟ್ಟಿದವರ ಜಾತಕ ಒಳ್ಳೆಯದು. ಸೂರ್ಯ ಮೂಡುವಾಗ ಲಗ್ನವೂ ಸೂರ್ಯನೂ ಒಂದೇ ಕಡೆ ಇರಬೇಕು. ನಡುವೆ ಇಪ್ಪತ್ತು ಚಿಲ್ಲರೆ ಡಿಗ್ರಿ ಬಿರುಕು ಕಂಡರೆ ಆ ಬಿರುಕಿನ ಅಳತೆಯೇ ಬಿಟ್ಟುಹೋದ ಅಯನಾಂಶ.